ಹೆಬ್ಬೆಟ್ಟಿನ ವಿಭೂತಿ

ಏಕಾಂತಪ್ಪ ತೀರಿಕೊಂಡ ಮೇಲೆ ಕಲ್ಯಾಣಮ್ಮ ಅತ್ತದ್ದನ್ನು ಕೊಟ್ಟೂರಿನಲ್ಲಿ ಯಾರೂ ಕಂಡಿರಲಿಲ್ಲ. ಗಂಡನನ್ನು ಮಣ್ಣು ಮಾಡಲು ಹೊರಟ ಹೊತ್ತಿನಲ್ಲೂ, ನೆರಳಲ್ಲಿ ಹರವಿದ ವಿಭೂತಿ ಗಟ್ಟಿಗಳನ್ನು ತಿರುವಿ ಹಾಕಿರೆಂದು ಕೆಲಸದ ಹೆಂಗಸರಿಗೆ ಹೇಳಿಯೇ ಆಕೆ ಹೊಸ್ತಿಲು ದಾಟಿದಳು. ಕೆಲವರು ಅದನ್ನು ಗಟ್ಟಿತನ ಎಂದರು, ಕೆಲವರು ಕಲ್ಲುಮನಸ್ಸು ಎಂದರು. ಊರಿಗೆ ಯಾವುದಾದರೂ ಒಂದು ಹೆಸರಿಟ್ಟರೇ ಸಮಾಧಾನ. ನಿಜ ಹೇಳಬೇಕೆಂದರೆ ಎರಡೂ ಅಲ್ಲ. ಕಾಲು ಜೋಮು ಹಿಡಿದಾಗ ಅದು ನಮ್ಮದೇ ಕಾಲೆಂದು ಗೊತ್ತಿರುತ್ತದೆ, ಆದರೆ ಅದರ ಸುದ್ದಿ ನಮಗೆ ಬರುವುದಿಲ್ಲ. ಆಕೆಗೆ ಒಳಗೆಲ್ಲ ಹಾಗಾಗಿತ್ತು.

ಆ ಮನೆಯ ಕಸುಬು ವಿಭೂತಿ. ಆಕಳ ಸಗಣಿಯ ಕುಳ್ಳು ಸುಟ್ಟು, ಬೂದಿಯನ್ನು ನೀರಲ್ಲಿ ಕದಡಿ, ಬಟ್ಟೆಯಲ್ಲಿ ಸೋಸಿ, ತಳಕ್ಕೆ ಕುಳಿತ ನುಣ್ಣನೆಯ ಬೂದಿಯನ್ನು ಗಟ್ಟಿ ಕಟ್ಟಿ ನೆರಳಲ್ಲಿ ಒಣಗಿಸುವುದು. ಸುತ್ತುವ ಹಳದಿ ಕಾಗದದ ಮೇಲೆ ಕೆಂಪು ಅಕ್ಷರದಲ್ಲಿ 'ಏಕಾಂತ ವಿಭೂತಿ' ಎಂದಿತ್ತು. ಆದರೆ ಹೂವಿನಹಡಗಲಿಯಿಂದ ಹರಪನಹಳ್ಳಿಯವರೆಗೆ ಯಾರೂ ಹಾಗೆ ಕೇಳುತ್ತಿರಲಿಲ್ಲ. ಹೆಬ್ಬೆಟ್ಟಿನ ವಿಭೂತಿ ಕೊಡ್ರಿ ಎನ್ನುತ್ತಿದ್ದರು. ಗಟ್ಟಿ ಅರೆ ಒಣಗಿದಾಗ ಏಕಾಂತಪ್ಪ ಒಂದೊಂದರ ಬೆನ್ನಿಗೂ ತನ್ನ ಬಲ ಹೆಬ್ಬೆಟ್ಟು ಒತ್ತುತ್ತಿದ್ದ. ಎಂದೋ ಕುಡುಗೋಲು ತಾಗಿದ ಗಾಯದ ಗೆರೆ ಆ ಗುಳಿಯಲ್ಲಿ ಅಡ್ಡಡ್ಡ ಮೂಡುತ್ತಿತ್ತು. ಜನ ಮೊದಲು ಗಟ್ಟಿ ತಿರುವಿ ಆ ಗೆರೆ ನೋಡುತ್ತಿದ್ದರು, ಆಮೇಲೆ ದುಡ್ಡು ಕೊಡುತ್ತಿದ್ದರು.

ಅವನು ಕಡೆಯದಾಗಿ ಒತ್ತಿದ ಗಟ್ಟಿಗಳು ವಾಡಿಕೆಯಂತೆ ಅವನ ಜೊತೆಗೇ ಸಮಾಧಿಯ ಗುಂಡಿಗೆ ಹೋದವು. ಕಲ್ಯಾಣಮ್ಮ ಒಂದನ್ನು ಮಾತ್ರ ಉಳಿಸಿಕೊಂಡು ದೇವರ ಗೂಡಿನಲ್ಲಿಟ್ಟಳು. ಮತ್ತೆ ಕೆಲಸ ಶುರುವಾದಾಗ, ಹೆಬ್ಬೆಟ್ಟಿಲ್ಲದ ಗಟ್ಟಿಯನ್ನು ಯಾರು ಕೊಳ್ಳುತ್ತಾರೆ ಎಂಬ ಪ್ರಶ್ನೆ ಬಂತು. ಆಕೆ ಆ ಗಟ್ಟಿಯನ್ನು ಹಗರಿಬೊಮ್ಮನಹಳ್ಳಿಯ ಅಚ್ಚಿನವನ ಹತ್ತಿರ ಒಯ್ದು, ಗುಳಿಗೆ ಸರಿಯಾಗಿ ಕೂರುವ ಒಂದು ಹಿತ್ತಾಳೆ ಮುದ್ರೆ ಮಾಡಿಸಿಕೊಂಡು ಬಂದಳು. ಗಾಯದ ಗೆರೆ ಸಮೇತ ಹೆಬ್ಬೆಟ್ಟು ಹಾಗೇ ಬಂತು. ಇದು ಗೊತ್ತಿದ್ದದ್ದು ಮಗಳು ಅರ್ಚನಾಗೆ ಮತ್ತು ಕೆಲಸದ ಹೆಂಗಸರಿಗೆ ಮಾತ್ರ. ಜನಕ್ಕೆ ಮೋಸ ಮಾಡುತ್ತಿದ್ದೇನೆ ಎಂದು ಕಲ್ಯಾಣಮ್ಮನಿಗೆ ಅನ್ನಿಸಲಿಲ್ಲ. ಆ ದಿನಗಳಲ್ಲಿ ಆಕೆಗೆ ಏನೂ ಅನ್ನಿಸುತ್ತಿರಲಿಲ್ಲ.

ಹೀಗಿರುವಾಗ ಒಂದು ದಿನ ಹರಪನಹಳ್ಳಿ ಕಡೆಯ ಅರಸೀಕೆರೆಯ ಬಸಲಿಂಗಮ್ಮ ಮೊಮ್ಮಗಳು ಭೂಮಿಕಾಳ ಕೈ ಹಿಡಿದುಕೊಂಡು ಬಂದಳು. ಹುಡುಗಿಯ ಹಣೆಯ ಮೇಲೆ ಮೂರು ಬೆರಳಗಲ ಚರ್ಮ ಕೆಂಪಗೆ ಎದ್ದು ಬೊಬ್ಬೆ ಬಂದಿತ್ತು.

"ನೋಡವ್ವ, ನಾನು ಜಗಳಕ್ಕ ಬಂದಿಲ್ಲ," ಎಂದಳು ಮುದುಕಿ. "ಮದಿವಿ ಆಗಿ ಬಂದಾಗಿಂದ ಹೆಬ್ಬೆಟ್ಟಿನ ವಿಭೂತಿನ ಹಚ್ಚೀನಿ. ನಿನ್ನ ಗಂಡ ಹೋದ ಮ್ಯಾಲೆ ಅದರಾಗ ಏನು ಬೆರಸಾಕತ್ತೀರಿ, ಅದೊಂದು ಹೇಳು ಸಾಕು."

ಮುದುಕಿ ತಂದಿದ್ದ ಗಟ್ಟಿಯನ್ನು ಕಲ್ಯಾಣಮ್ಮ ಅವಳ ಕೈಯಿಂದ ತೆಗೆದುಕೊಂಡಳು. ಅದೇ ಹಳದಿ ಕಾಗದ, ಅದೇ ಕೆಂಪು ಅಕ್ಷರ. ಕೆಳಗೆ ಇರಬೇಕಾದ ವಿಳಾಸ ಮಾತ್ರ ಇರಲಿಲ್ಲ. ಗಟ್ಟಿ ತೂಕವಾಗಿತ್ತು, ಬಣ್ಣ ಬೂದಿಗಿಂತ ಬಿಳಿ, ಉಗುರು ಊರಿದರೆ ಇಳಿಯಲಿಲ್ಲ. ಗೋಡೆ, ಛಾವಣಿಗೆ ಬಳಿಯುವ ಪಿಒಪಿ ಪುಡಿಗೆ ಸುಣ್ಣ ಸೇರಿಸಿದ ಹಾಗಿತ್ತು. ತಿರುವಿ ನೋಡಿದಳು. ಬೆನ್ನ ಮೇಲೆ ಏಕಾಂತಪ್ಪನ ಹೆಬ್ಬೆಟ್ಟಿತ್ತು.

"ಇದು ನಮ್ಮದಲ್ಲಮ್ಮ," ಎಂದಳು.

"ಹೆಬ್ಬೆಟ್ಟು ಐತಲ್ಲ?"

"ಐತಿ."

ಅರ್ಚನಾ ಒಳಗಿನಿಂದ ತಮ್ಮದೇ ಎರಡು ಗಟ್ಟಿ ತಂದು ಅದರ ಪಕ್ಕ ಇಟ್ಟಳು. ಮುದುಕಿ ಮೂರರ ಬೆನ್ನನ್ನೂ ಕಣ್ಣ ಹತ್ತಿರ ಹಿಡಿದು ನೋಡಿ, "ಮೂರೂ ಒಂದ ನಮೂನಿ ಅದಾವ," ಎಂದಳು.

ಅವಳು ಹೇಳಿದ್ದು ಸರಿಯೇ. ಕಲ್ಯಾಣಮ್ಮನಿಗೆ ತನ್ನ ತಪ್ಪು ತಿಳಿದದ್ದು ಆಗ. ಏಕಾಂತಪ್ಪ ಕೈಯಿಂದ ಒತ್ತುತ್ತಿದ್ದಾಗ ಯಾವ ಎರಡು ಗಟ್ಟಿಯೂ ಒಂದೇ ಥರ ಇರುತ್ತಿರಲಿಲ್ಲ. ಒಂದು ಓರೆ, ಒಂದು ಆಳ, ಸಿಟ್ಟು ಬಂದ ದಿನ ಒತ್ತಿದ್ದು ಇನ್ನೂ ಆಳ. ಕದಿಯುವವನು ಯಾವುದನ್ನು ಕದ್ದಾನು? ಮುದ್ರೆ ಬಂದ ಮೇಲೆ ಎಲ್ಲ ಗಟ್ಟಿಗೂ ಒಂದೇ ಹೆಬ್ಬೆಟ್ಟಾಯಿತು. ಒಂದೇ ಥರದ್ದಕ್ಕೆ ಅಚ್ಚು ತೆಗೆಯಲು ಅಂಗಡಿಯಲ್ಲಿ ಒಂದು ಗಟ್ಟಿ ಕೊಂಡರೆ ಸಾಕು. ಕಳ್ಳನಿಗೆ ಬಾಗಿಲು ತೆಗೆದು, ಬಾರಪ್ಪಾ ಎಂದು ಕರೆದದ್ದು ತಾನೇ.

ಆ ತಿಳಿವಳಿಕೆಯೂ ಆಕೆಯನ್ನು ಅಲುಗಿಸಲಿಲ್ಲ. ಹುಡುಗಿಯನ್ನು ದವಾಖಾನೆಗೆ ಕರೆದುಕೊಂಡು ಹೋಗಲು ಅರ್ಚನಾಗೆ ಹೇಳಿ, ಯಾವ ಅಂಗಡಿಯಲ್ಲಿ ಕೊಂಡದ್ದೆಂದು ಮುದುಕಿಯನ್ನು ಕೇಳಿಕೊಂಡಳು. ಮುಂದಿನ ವಾರವೆಲ್ಲ ಅರ್ಚನಾ ಸ್ಕೂಟಿಯಲ್ಲಿ ಕೂಡ್ಲಿಗಿ, ಹರಪನಹಳ್ಳಿ, ಹಡಗಲಿ ತಿರುಗಿದಳು. ಸಾದಾ ಗಿರಾಕಿಯ ಹಾಗೆ ನಿಂತು ಗಟ್ಟಿ ಕೊಂಡಳು, ಬಿಲ್ ಕೇಳಿ ಇಸಿದುಕೊಂಡಳು, ಕಾಗದ ಬಿಚ್ಚದೆ ಫೋಟೋ ತೆಗೆದಳು. ಕೂಡ್ಲಿಗಿಯ ವಕೀಲ ಶಿವಯೋಗಿ ಹಾಗೇ ಮಾಡಬೇಕೆಂದು ಹೇಳಿದ್ದರು.

ಅವರು ಎಲ್ಲವನ್ನೂ ಮೇಜಿನ ಮೇಲೆ ಹರವಿಕೊಂಡು ನಿಧಾನವಾಗಿ ವಿವರಿಸಿದರು. "ಹೆಸರು, ಲೇಬಲ್ಲು ಎರಡೂ ರಿಜಿಸ್ಟ್ರಿ ಆಗ್ಯಾವ, ಚಲೋ ಆತು. ಆದ್ರ ಅವು ಏಕಾಂತಪ್ಪನವರ ಹೆಸರಿನಾಗ ಅದಾವ, ನಿಮ್ಮ ಹೆಸರಿಗೆ ಮಾಡಸಬೇಕು. ಅಂಗಡಿಯವರಿಗೆ ನೋಟಿಸು ಇವತ್ತ ಕಳಸ್ತೀನಿ. ಜಿಲ್ಲಾ ಕೋರ್ಟಿನಾಗ ತಡೆಯಾಜ್ಞೆ ಕೇಳೋಣ. ಪೊಲೀಸರು ತಾವಾಗಿ ಹೋಗಿ ಮಾಲು ಹಿಡೀಬೇಕಂದ್ರ ಡಿವೈಎಸ್ಪಿ ದರ್ಜೆ ಅಧಿಕಾರಿ ಬೇಕ್ರಿ, ಅವರೂ ಮೊದ್ಲು ಟ್ರೇಡ್ ಮಾರ್ಕ್ ಆಫೀಸಿನ ಅಭಿಪ್ರಾಯ ತರಿಸ್ಕಬೇಕು. ಟೈಮ್ ಹಿಡೀತದ."

"ಅಲ್ಲೀತನಕ?" ಎಂದಳು ಕಲ್ಯಾಣಮ್ಮ.

"ಅಲ್ಲೀತನಕ ಜನ ನಿಮ್ಮನ್ನ ನಂಬಬೇಕ್ರಿ. ಅದಕ್ಕ ಕಾಯ್ದೆದಾಗ ಸೆಕ್ಷನ್ ಇಲ್ಲ."

ಬಸ್ಸಿನಲ್ಲಿ ಬರುವಾಗ ಅರ್ಚನಾ, ಹೊಳೆಯುವ ಹಾಲೋಗ್ರಾಂ ಸ್ಟಿಕ್ಕರ್ ಅಂಟಿಸೋಣ ಎಂದಳು. ಕಾಗದ ಛಾಪಿಸಿದವನಿಗೆ ಸ್ಟಿಕ್ಕರ್ ಛಾಪಿಸುವುದು ದೊಡ್ಡ ಮಾತಲ್ಲ ಎಂದು ಕಲ್ಯಾಣಮ್ಮ ಕಿಟಕಿಯ ಕಡೆ ತಿರುಗಿದಳು. ಮಗಳಿಗೆ ಸಿಟ್ಟು ಬಂತು. ಅವ್ವನಿಗೆ ಅಪ್ಪನ ಹೆಸರು ಹಾಳಾಗುವುದೂ ಬೇಕಿಲ್ಲ, ಉಳಿಯುವುದೂ ಬೇಕಿಲ್ಲ ಎಂದುಕೊಂಡಳು.

ಅಂಗಡಿಗಳಿಂದ ಮಾಲು ವಾಪಸ್ ಬರತೊಡಗಿತು. ನಕಲಿಯಲ್ಲ, ಅಸಲಿಯೇ. ಅಕ್ಕಪಕ್ಕದ ಐದು ತಾಲೂಕಿಗೆ ಮಾಲು ಕಳಿಸುತ್ತಿದ್ದ ಕೊಟ್ಟೂರಿನ ಹೋಲ್‌ಸೇಲ್ ವ್ಯಾಪಾರಿ ಕೊಟ್ರಸ್ವಾಮಿ ಕೊನೆಗೆ ತನ್ನ ಅಂಗಡಿಯಲ್ಲೇ ಸುತ್ತಲಿನ ವರ್ತಕರನ್ನು ಕೂಡಿಸಿ ಕಲ್ಯಾಣಮ್ಮನಿಗೆ ಹೇಳಿ ಕಳಿಸಿದ.

"ಅಕ್ಕಾರ, ನಕಲಿ ಮಾಲು ಬಂದೈತಿ ಅಂತೀರಿ, ನಾ ಒಪ್ಪಿದೆ," ಎಂದ ಅವನು. ಒಳ್ಳೆಯವನೇ, ಆದರೆ ಗಲ್ಲೆಯ ಹಿಂದೆ ಕೂತವನ ಒಳ್ಳೆಯತನ. "ಜನ ಏನಂತಾರ ಗೊತ್ತೇನ್ರಿ? ಏಕಾಂತಪ್ಪ ಹೋದ, ಅವನ ಹಿಂದ ಮಾಲೂ ಹೋತು ಅಂತಾರ. ನೀವು ಈಗ ಮಾಡೋದು ಅವರು ಮಾಡಿದಂಗ ಐತಿ ಅಂತ ಎದುರಿಗೆ ತೋರಿಸಬೇಕು. ಅವರ ಕೈ ಮಾಲು ಒಂದಾದ್ರೂ ಎಲ್ಲೈತ್ರಿ? ಎಲ್ಲಾ ಖರ್ಚಾತು."

ಕಲ್ಯಾಣಮ್ಮ, "ಅದಕ್ಕೂ ಮೊದ್ಲು ಒಂದು ಮಾತು ಐತಿ," ಎಂದಳು. "ಅವರು ಹೋದ ಮ್ಯಾಲೆ ಮಾರಿದ ಒಂದು ಗಟ್ಟಿ ಮ್ಯಾಲೂ ಅವರ ಹೆಬ್ಬೆಟ್ಟಿಲ್ಲ. ಹಿತ್ತಾಳಿ ಮುದ್ರಿ ಮಾಡಸಿ ನಾ ಒತ್ತೀನಿ."

ಹಡಗಲಿಯಿಂದ ಬಂದಿದ್ದ ವರ್ತಕ, "ಹಂಗಾರ ನಿಮ್ಮದೂ ಒಂದು ನಮೂನಿ ನಕಲೀನ ಆತಲ್ರಿ," ಎಂದ.

"ಹೌದು," ಎಂದಳು ಕಲ್ಯಾಣಮ್ಮ. "ಗುರುತು ಸುಳ್ಳು. ಬೂದಿ ಸುಳ್ಳಲ್ಲ." ಮಗಳ ಕಡೆ ತಿರುಗಿ, "ಗೂಡಿನಾಗಿಂದು ತಗೊಂಬಾ," ಎಂದಳು.

"ಅವ್ವ, ಅದು ಬ್ಯಾಡ. ಅದೊಂದ ಉಳದೈತಿ."

"ತಗೊಂಬಾ."

ಅರ್ಚನಾ ಅಳುತ್ತ ಹೋಗಿ, ಅಳುತ್ತಲೇ ತಂದಳು. ಕೊಟ್ರಸ್ವಾಮಿ ಮೂರು ಗಾಜಿನ ಲೋಟಗಳಿಗೆ ನೀರು ತುಂಬಿಸಿ ಗಲ್ಲೆಯ ಮೇಲೆ ಇಟ್ಟ. ಒಂದಕ್ಕೆ ನಕಲಿ ಗಟ್ಟಿ, ಒಂದಕ್ಕೆ ಕಲ್ಯಾಣಮ್ಮ ಈಚೆಗೆ ಮಾಡಿದ್ದು. ಮೂರನೆಯದಕ್ಕೆ ಏಕಾಂತಪ್ಪ ಒತ್ತಿದ್ದನ್ನು ಆಕೆ ತಾನೇ ಇಳಿಬಿಟ್ಟಳು. ಬೆನ್ನು ಮೇಲಾಗಿ ಅದು ತಳದಲ್ಲಿ ಕೂತಿತು.

ಮೊದಲು ಅಂಚು ಸಡಿಲವಾಯಿತು. ಬೂದಿ ಹೊಗೆಯ ಹಾಗೆ ಎದ್ದು ನೀರು ಮಸುಕಾಯಿತು. ಗುಳಿ ಅಗಲವಾಗುತ್ತ ಹೋಯಿತು, ಗಾಯದ ಗೆರೆ ಕೊಂಚ ಹೊತ್ತು ನಿಂತಿತು, ಆಮೇಲೆ ಅದೂ ಬಿಚ್ಚಿಕೊಂಡಿತು. ಪಕ್ಕದ ಲೋಟದಲ್ಲಿ ಕಲ್ಯಾಣಮ್ಮನ ಗಟ್ಟಿಯೂ ಅದೇ ರೀತಿ ಕರಗಿತು, ನೀರಿಗೆ ಅದೇ ಬಣ್ಣ ಬಂತು. ವರ್ತಕರು ಎರಡಕ್ಕೂ ಬೆರಳು ಅದ್ದಿ, ಉಜ್ಜಿ, ಮೂಸಿ ನೋಡಿದರು. ಕೊಟ್ರಸ್ವಾಮಿ ಎರಡೂ ಒಂದೇ ಎಂದು ತಲೆಯಾಡಿಸಿದ. ನಕಲಿ ಗಟ್ಟಿ ಮಾತ್ರ ಹಾಕಿದ ಹಾಗೇ ಇತ್ತು. ಮೂರು ಲೋಟಗಳಲ್ಲಿ ಏಕಾಂತಪ್ಪನ ಹೆಬ್ಬೆಟ್ಟು ಗೆರೆ ಸಮೇತ ಉಳಿದಿದ್ದು ಆ ಕಳ್ಳಮಾಲಿನ ಮೇಲೆ ಮಾತ್ರ. ಕಲ್ಯಾಣಮ್ಮ ಅದನ್ನೇ ನೋಡುತ್ತ ನಿಂತಳು. ಕೈ ಹಾಕಿ ಅದನ್ನು ತೆಗೆದುಕೊಳ್ಳಬೇಕು ಎನ್ನಿಸಿತು. ತೆಗೆಯಲಿಲ್ಲ.

"ಅಂಗಡ್ಯಾಗ ಇರೋ ಮಾಲೆಲ್ಲಾ ವಾಪಸ್ ಕೊಡ್ರಿ, ನಮ್ಮದಿರಲಿ, ಅವರದಿರಲಿ," ಎಂದಳು. "ಹೊಸಾದು ಕೊಡ್ತೀನಿ, ದುಡ್ಡು ಬ್ಯಾಡ. ಅಂಗಡಿ ಮುಂದ ಒಂದು ಲೋಟ ನೀರು ಇಡ್ರಿ. ಕರಗಿದ್ರ ನಮ್ಮದು. ಮುದ್ರಿ ಇನ್ನ ಹಾಕಂಗಿಲ್ಲ. ಹೆಬ್ಬೆಟ್ಟು ನನ್ನದ ಇರ್ತೈತಿ, ಅದನ್ನ ಎಲ್ಲರಿಗೂ ಹೇಳ್ರಿ."

"ಹೆಣ್ಣಮಕ್ಕಳ ಹೆಬ್ಬೆಟ್ಟು ಸಣ್ಣದಿರ್ತೈತಲ್ರಿ," ಎಂದ ಹಡಗಲಿಯವನು. ಅವನಿಗೆ ಏನಾದರೂ ಒಂದು ಹೇಳದಿದ್ದರೆ ಬಂದ ಬಸ್ ಚಾರ್ಜು ದಂಡವಾಗುತ್ತಿತ್ತೇನೋ.

"ಸಣ್ಣದು ಐತಿ," ಎಂದಳು ಕಲ್ಯಾಣಮ್ಮ.

ಗಂಡನ ಲೋಟವನ್ನು ಸೆರಗಿನಲ್ಲಿ ಮುಚ್ಚಿಕೊಂಡು, ತುಳುಕದ ಹಾಗೆ ಪೇಟೆಯ ನಡುವೆ ನಡೆದು ಮನೆಗೆ ಬಂದಳು. ಹಿತ್ತಲಲ್ಲಿ ಮರುದಿನ ಗಟ್ಟಿ ಕಟ್ಟಬೇಕಾದ ಬೂದಿ ತೊಟ್ಟಿಯ ತಳಕ್ಕೆ ಕೂರುತ್ತಿತ್ತು. ಲೋಟವನ್ನು ಅದಕ್ಕೆ ಸುರಿದು, ಒಮ್ಮೆ ನೀರು ಹಾಕಿ ತೊಳೆದು ಅದನ್ನೂ ಸುರಿದಳು. ಹಿತ್ತಾಳೆ ಮುದ್ರೆಯನ್ನು ಅರ್ಚನಾಳ ಕೈಗೆ ಕೊಟ್ಟು, ವಕೀಲರಿಗೆ ತೋರಿಸಿ ಇದ್ದದ್ದು ಇದ್ದ ಹಾಗೆ ಹೇಳು ಎಂದಳು.

ಆ ಬೂದಿ ಗಟ್ಟಿಯಾಗಿ ಅರೆ ಒಣಗಿದ ದಿನ ಕಲ್ಯಾಣಮ್ಮ ಗಂಡ ಕೂರುತ್ತಿದ್ದ ಮಣೆಯ ಮೇಲೆ ಕೂತಳು. ಮೊದಲ ಗಟ್ಟಿ ಎತ್ತಿಕೊಂಡು ಹೆಬ್ಬೆಟ್ಟು ಊರಿದಳು. ಬೂದಿಯ ತಣುಪು ಬೆರಳಿಗೆ ತಾಗಿತು. ಎಷ್ಟೋ ದಿನದ ಮೇಲೆ ಏನೋ ಒಂದು ಆಕೆಗೆ ತಾಗಿತ್ತು. ಬೆರಳನ್ನು ತೆಗೆಯಲಾಗದೆ ಹಾಗೇ ಊರಿಕೊಂಡು ಕೂತಳು, ಕಣ್ಣಿಂದ ನೀರು ಇಳಿದು ಮಡಿಲಿಗೆ ಬೀಳತೊಡಗಿತು. ಕೆಲಸದ ಹೆಂಗಸರು ಕೈ ನಿಲ್ಲಿಸಿ ನೋಡಿದರು. ಅರ್ಚನಾ ಹತ್ತಿರ ಬಂದು ಅವಳ ಕೈಯಿಂದ ಗಟ್ಟಿಯನ್ನು ಮೆಲ್ಲಗೆ ಬಿಡಿಸಿಕೊಂಡಳು.

"ಅವ್ವ, ಇದು ಓರೆ ಆಗೈತಿ," ಎಂದಳು.

"ಆಗ್ಲಿ," ಎಂದು ಕಲ್ಯಾಣಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡು ಇನ್ನೊಂದನ್ನು ಎತ್ತಿಕೊಂಡಳು. "ಅವರೂ ಹಂಗ ಒತ್ತತಿದ್ರು."