ಅಧ್ಯಕ್ಷರ ತೈಲಚಿತ್ರ

ಶಿವರುದ್ರಪ್ಪ ನನ್ನ ಅಂಗಡಿಯ ಮೆಟ್ಟಿಲು ಹತ್ತಿದ ದಿನ, ಈ ಮನುಷ್ಯನನ್ನು ದೇವರೇ ನನ್ನ ಕೈಗೆ ಕೊಟ್ಟ ಅಂದುಕೊಂಡೆ. ಅವರಿಗೆ ನನ್ನ ಗುರುತಿರಲಿಲ್ಲ. ಚಾಮರಾಜಪೇಟೆಯಲ್ಲಿ ಫೋಟೊ ಪ್ರಿಂಟು, ಫ್ರೇಮು ಮಾಡುವ ಹೆಂಗಸು ಅಂತಷ್ಟೇ ಗೊತ್ತಿತ್ತು.

ನನಗೆ ಅವರ ಗುರುತು ಚೆನ್ನಾಗಿಯೇ ಇತ್ತು. ನಮ್ಮ ಬಡಾವಣೆಯ ನಾಗರಿಕರ ಸಂಘದಲ್ಲಿ ನಿವೃತ್ತರಾದ ಪ್ರತಿ ಅಧ್ಯಕ್ಷರ ತೈಲಚಿತ್ರವನ್ನೂ ಸಭಾಂಗಣದ ಗೋಡೆಗೆ ಹಾಕುವ ಪದ್ಧತಿಯಿದೆ. ಅಲ್ಲಿರುವ ಒಂಬತ್ತು ಚಿತ್ರಗಳನ್ನೂ ಬರೆದದ್ದು ನನ್ನ ಅಪ್ಪ ಮುನಿಸ್ವಾಮಿ. ಹತ್ತನೆಯದನ್ನು ತೆಗೆದುಕೊಂಡು ಹೋದಾಗ ಶಿವರುದ್ರಪ್ಪ ಕಾರ್ಯದರ್ಶಿ. ಸಮಿತಿಯವರೆಲ್ಲ ಕೂತಿದ್ದಾಗ, ‘ಏನ್ರೀ ಇದು, ಕೈ ನಡುಗೋ ಮುದುಕ ಗೋಡೆಗೆ ಸುಣ್ಣ ಹೊಡ್ದಂಗಿದೆ’ ಅಂದರು. ಅಪ್ಪ ಆ ಚಿತ್ರವನ್ನು ಆಟೊದಲ್ಲಿ ವಾಪಸ್ ತಂದು ಮಂಚದ ಹಿಂದೆ ಗೋಡೆಗೆ ಮುಖ ಮಾಡಿ ನಿಲ್ಲಿಸಿದರು. ಸಭಾಂಗಣದಲ್ಲಿ ಹತ್ತನೆಯವರ ಜಾಗ ಖಾಲಿಯೇ ಉಳಿಯಿತು. ಅಪ್ಪ ಆಮೇಲೆ ಕುಂಚ ಮುಟ್ಟಲಿಲ್ಲ. ಒಂದು ವರ್ಷಕ್ಕೆ ಹೋಗಿಬಿಟ್ಟರು. ಇದೆಲ್ಲ ಆಗಿ ಎಂಟು ವರ್ಷ. ಡಾಕ್ಟರು ಹೃದಯಾಘಾತ ಅಂತ ಬರೆದರು, ನಾನು ಶಿವರುದ್ರಪ್ಪ ಅಂತ ಬರೆದುಕೊಂಡೆ.

ಈಗ ಅವರೇ ನಿವೃತ್ತರಾಗುವ ಅಧ್ಯಕ್ಷರು.

‘ನೋಡಮ್ಮ, ಈ ಫೋಟೊನ ಆಯಿಲ್ ಪೇಂಟಿಂಗ್ ಥರ ಮಾಡ್ಬೇಕು. ಕಂಪ್ಯೂಟರ್‌ನಲ್ಲಿ ಆಗತ್ತಂತಲ್ಲ? ಆದ್ರೆ ನೋಡ್ದೋರಿಗೆ ಕೈಯಲ್ಲೇ ಬರ್ದಿದ್ದು ಅನ್ನಿಸ್ಬೇಕು. ಹಾಲ್‌ನಲ್ಲಿರೋ ಬೇರೆ ಚಿತ್ರಗಳ ಪಕ್ಕ ಎದ್ದು ಕಾಣ್ಬಾರ್ದು.’

‘ಕೈಯಲ್ಲಿ ಬರೆಸ್ಬೋದಲ್ಲ ಸರ್?’

‘ಇಪ್ಪತ್ತು ದಿನದಲ್ಲಿ ಫಂಕ್ಷನ್. ಯಾರು ಬರೀತಾರೆ? ಮೈಸೂರಿನ ಕಲಾವಿದರ ಹತ್ರ ಬರೆಸಿದೀನಿ ಅಂತ ಎಲ್ಲರಿಗೂ ಹೇಳಾಗಿದೆ. ನೀನು ಬಾಯಿ ಬಿಡ್ಬೇಡ.’

ಫೋಟೊ ನೋಡಿದೆ. ತಲೆ ತುಂಬ ಕಪ್ಪು ಕೂದಲು. ಎದುರಿಗೆ ಕೂತಿದ್ದವರದ್ದು ಹತ್ತಿಯಷ್ಟು ಬೆಳ್ಳಗಿತ್ತು.

‘ಇದು ಹಳೇದಲ್ವಾ ಸರ್?’

‘ಕಾರ್ಯದರ್ಶಿ ಆಗಿದ್ದಾಗಿಂದು. ಶಾಶ್ವತವಾಗಿ ಗೋಡೆ ಮೇಲಿರೋದು, ಚೆನ್ನಾಗಿರೋದೇ ಇರ್ಲಿ.’

ಇರಲಿ ಅಂದೆ. ಆ ಕಪ್ಪು ಕೂದಲಿನಿಂದ ಏನಾಗಬಹುದೆಂದು ಆಗ ನನಗೂ ಹೊಳೆದಿರಲಿಲ್ಲ.

ಮೊದಲು ಸಾಧಾರಣ ಆಯಿಲ್ ಪೇಂಟ್ ಫಿಲ್ಟರ್ ಹಾಕಿ ತೋರಿಸಿದೆ. ಅದು ಪಿಕ್ಸೆಲ್‌ಗಳನ್ನು ಕಲೆಸಿ, ಕೆನ್ನೆಗೂ ಕೋಟಿಗೂ ಹಿಂದಿನ ಪರದೆಗೂ ಒಂದೇ ಅಳತೆಯ ಸುರುಳಿ ಬಳಿದುಬಿಡುತ್ತದೆ. ಶಿವರುದ್ರಪ್ಪನವರಿಗೇ ಹಿಡಿಸಲಿಲ್ಲ. ‘ಮೊಬೈಲ್ ಆಟ ಇದ್ದಂಗಿದೆ’ ಅಂದು, ತಮ್ಮ ಫೋನ್ ತೆಗೆದು ಸಭಾಂಗಣದ ಒಂದು ಚಿತ್ರ ತೋರಿಸಿದರು. ‘ನೋಡು, ಹಿಂಗೆ. ಇದೇ ಕೈ ಬರ್ಬೇಕು.’

ಅಪ್ಪನ ಚಿತ್ರ. ಯಾರು ಬರೆದದ್ದೆಂದು ಅವರಿಗೆ ನೆನಪೂ ಇರಲಿಲ್ಲವೋ, ನೆನಪಿಟ್ಟುಕೊಳ್ಳುವಷ್ಟು ದೊಡ್ಡವನಲ್ಲ ಅಂತಲೋ. ಮೈಯೆಲ್ಲ ಉರಿದುಹೋಯಿತು. ಆದರೂ ನಗುತ್ತ, ‘ಆಗತ್ತೆ ಸರ್’ ಅಂದೆ. ಆ ಗಳಿಗೆಯಲ್ಲೇ ತೀರ್ಮಾನ ಮಾಡಿದೆ: ಅಪ್ಪನನ್ನು ಕೆಡವಿದ ಸಭಾಂಗಣದಲ್ಲೇ ಈ ಬಾಯಿಂದಲೇ ಅಪ್ಪನ ಹೆಸರು ಹೊರಡಬೇಕು.

ಅವರ ಫೋನಿನ ಚಿತ್ರ ಕೆಲಸಕ್ಕೆ ಬರುತ್ತಿರಲಿಲ್ಲ. ಗಾಜಿನ ಮೇಲೆ ಫ್ಲ್ಯಾಶ್ ಹೊಡೆದಿತ್ತು. ಆ ಬಿಳಿ ಹೊಳಪನ್ನೂ ಕಂಪ್ಯೂಟರ್ ಬಣ್ಣವೆಂದೇ ತಿಳಿದು ಮುಖದ ಮೇಲೆಲ್ಲ ಮೆತ್ತುತ್ತದೆ. ಮನೆಗೆ ಹೋಗಿ ಮಂಚದ ಹಿಂದಿನ ಚಿತ್ರವನ್ನು ತೆಗೆದೆ. ಧೂಳು ಒರೆಸಿ, ಮಹಡಿಯ ನೆರಳಿನಲ್ಲಿಟ್ಟು ಫೋಟೊ ತೆಗೆದೆ.

ಒಬ್ಬರ ಕುಂಚದ ಶೈಲಿಯನ್ನು ಬೇರೆ ಫೋಟೊಗೆ ಹಚ್ಚುವ ಈ ಕಂಪ್ಯೂಟರ್ ವಿದ್ಯೆಗೆ ಎರಡು ಚಿತ್ರ ಬೇಕು. ಒಂದರಿಂದ ಆಕಾರ, ಇನ್ನೊಂದರಿಂದ ಶೈಲಿ. ಕಂಪ್ಯೂಟರ್ ಶಿವರುದ್ರಪ್ಪನ ಮೂಗು, ಕಣ್ಣು, ಕೋಟನ್ನು ಫೋಟೊದಿಂದ ಹಿಡಿದುಕೊಂಡಿತು. ಬಣ್ಣವನ್ನೂ ಕುಂಚದ ಓಟವನ್ನೂ ಅಪ್ಪನಿಂದ ತೆಗೆದುಕೊಂಡಿತು. ನೂರಾರು ಸಲ ತಿದ್ದಿ ತಿದ್ದಿ ಎರಡಕ್ಕೂ ಹತ್ತಿರ ಬರುತ್ತ ಹೋಯಿತು. ಶೈಲಿಯ ಪಾಲು ಹೆಚ್ಚಿಸಿದರೆ ಕಣ್ಣುಗಳು ಬಣ್ಣದಲ್ಲಿ ಮುಳುಗಿದವು, ಇಳಿಸಿದರೆ ಬರೀ ಫೋಟೊ. ಕೊನೆಗೆ ಎರಡು ಪ್ರತಿ ಮಾಡಿ, ಕಣ್ಣು ಬಾಯಿಗಳನ್ನು ಶೈಲಿ ಕಡಿಮೆಯಿದ್ದದ್ದರಿಂದ, ಉಳಿದದ್ದನ್ನು ಹೆಚ್ಚಿದ್ದದ್ದರಿಂದ ತೆಗೆದು ಸೇರಿಸಿದೆ.

ಅಪ್ಪ ಎಡಚ. ಅವರ ಗೀಟುಗಳೆಲ್ಲ ಎಡಗಡೆ ಮೇಲಿನಿಂದ ಬಲಗಡೆ ಕೆಳಕ್ಕೆ ಜಾರುತ್ತಿದ್ದವು. ಗದ್ದದ ಕೆಳಗಿನ ನೆರಳಿಗೆ ಎಲ್ಲರೂ ಕಂದು ಹಾಕಿದರೆ ಅವರು ಹಸಿರು ಹಾಕುತ್ತಿದ್ದರು. ಅವೆರಡೂ ಪರದೆಯ ಮೇಲೆ ನಿಧಾನವಾಗಿ ಮೂಡಿದಾಗ ನಾನು ಅತ್ತೆ, ಸುಳ್ಳು ಹೇಳುವುದಿಲ್ಲ. ಅದು ಅಪ್ಪನ ಬುದ್ಧಿಯಲ್ಲ, ಗೊತ್ತು. ಅಪ್ಪ ಕೋಟಿನ ಗುಂಡಿಗೆ ಕೆನ್ನೆಗೆ ಹಾಕುವ ಕುಂಚ ಹಾಕುತ್ತಿರಲಿಲ್ಲ. ಕಂಪ್ಯೂಟರ್‌ಗೆ ಗುಂಡಿ ಯಾವುದು, ಕೆನ್ನೆ ಯಾವುದು ಅನ್ನುವ ಗೊಡವೆಯೇ ಇಲ್ಲ. ಆದರೆ ದೂರದಿಂದ ನೋಡುವವರಿಗೆ ಅಷ್ಟು ಸಾಕಿತ್ತು. ಕ್ಯಾನ್ವಾಸ್ ಮೇಲೆ ಪ್ರಿಂಟ್ ತೆಗೆದು, ಗೀಟುಗಳ ಜಾಡಿನಲ್ಲೇ ಪಾರದರ್ಶಕ ಜೆಲ್ ಬಳಿದೆ. ಒಣಗಿದ ಮೇಲೆ ಬಣ್ಣ ಉಬ್ಬಿ ನಿಂತ ಹಾಗೇ ಕಂಡಿತು.

ಶಿವರುದ್ರಪ್ಪ ನೋಡಿ, ‘ಭೇಷ್’ ಅಂದರು.

ಸಮಾರಂಭದ ದಿನ ಚಿತ್ರವನ್ನು ಗೋಡೆಗೆ ಹಾಕಿ, ನಾನು ಹಿಂದಿನ ಸಾಲಿನಲ್ಲಿ ಕೂತೆ. ಯಾರಿಗೂ ಏನೂ ಹೇಳಿರಲಿಲ್ಲ. ಆ ಸಭೆಯವರು ಮೂವತ್ತು ವರ್ಷ ಅಪ್ಪನ ಚಿತ್ರಗಳ ಕೆಳಗೆ ಉಪ್ಪಿಟ್ಟು ತಿಂದವರು, ಅವರ ಕಣ್ಣನ್ನೇ ನಂಬಿದ್ದೆ.

ಪರದೆ ಸರಿಯಿತು. ಚಪ್ಪಾಳೆ. ಶಿವರುದ್ರಪ್ಪ ಮೈಕಿನಲ್ಲಿ, ‘ಮೈಸೂರಿನ ಹಿರಿಯ ಕಲಾವಿದರೊಬ್ಬರು ಮೂರು ತಿಂಗಳು ಕೂತು ಬರೆದ ಚಿತ್ರ’ ಅಂದರು.

ಮುಂದಿನ ಸಾಲಿನಿಂದ ವಿಶಾಲಾಕ್ಷಮ್ಮ ಎದ್ದರು. ಎಂಬತ್ತು ದಾಟಿದ ನಿವೃತ್ತ ಟೀಚರಮ್ಮ, ಸಂಘದ ಅತಿ ಹಳೆಯ ಸದಸ್ಯೆ. ಚಿತ್ರದ ಹತ್ತಿರ ಹೋಗಿ ಕನ್ನಡಕ ಏರಿಸಿದರು.

‘ಯಾವ ಮೈಸೂರು ಶಿವರುದ್ರಪ್ಪ? ಯಾರಾತ, ಹೆಸರೇನು?’

ಶಿವರುದ್ರಪ್ಪ ಮೈಕನ್ನು ಬಾಯಿಂದ ದೂರ ಸರಿಸಿದರು.

‘ಇದು ನಮ್ಮ ಎಡಗೈ ಮುನಿಸ್ವಾಮಿ ಬರೆದಿದ್ದು. ಆ ಹಸಿರು ನೆರಳು ನೋಡಿ. ಪಕ್ಕದ ಒಂಬತ್ತೂ ನೋಡಿ.’

ಹತ್ತಾರು ಕುತ್ತಿಗೆಗಳು ಗೋಡೆಯುದ್ದಕ್ಕೂ ತಿರುಗಿದವು. ಹೌದು ಹೌದು ಅನ್ನುವ ಗುಜುಗುಜು ಎದ್ದಿತು.

‘ಕೂದ್ಲು ನೋಡಿ, ಕಪ್ಪಗಿದೆ’ ಅಂದರು ವಿಶಾಲಾಕ್ಷಮ್ಮ. ‘ಆಗ್ಲೇ ಬರ್ದಿಟ್ಟಿದ್ನೇನೋ ಪುಣ್ಯಾತ್ಮ. ನೀವು ಅವನಿಗೆ ಕೈ ನಡುಗತ್ತೆ ಅಂದ್ರಿ. ಈಗ ಅವನ ಚಿತ್ರಾನೇ ಹಾಕ್ಕೊಂಡು ಮೈಸೂರಿನವರದ್ದು ಅಂತೀರಲ್ಲ?’

ಶಿವರುದ್ರಪ್ಪ ಅಡಕತ್ತರಿಯಲ್ಲಿ ಸಿಕ್ಕಿಕೊಂಡರು. ಕಂಪ್ಯೂಟರಿನದ್ದು ಅಂದರೆ ಸುಳ್ಳುಗಾರ, ಅದೂ ನಕಲಿ ತೈಲಚಿತ್ರ ಹಾಕಿಸಿಕೊಂಡ ಮೊದಲನೇ ಅಧ್ಯಕ್ಷ. ಅವರ ಕಣ್ಣು ನನ್ನನ್ನು ಹುಡುಕಿತು. ನಾನು ಕೈ ಕಟ್ಟಿ ಕೂತಿದ್ದೆ.

‘ಹೌದು’ ಅಂದರು ಮೈಕಿನಲ್ಲಿ. ‘ಮುನಿಸ್ವಾಮಿಯವರದ್ದೇ. ದೊಡ್ಡ ಕಲಾವಿದರು. ಅವತ್ತು ನಾನು ಹಾಗೆ ಅಂದಿದ್ದು ತಪ್ಪು.’

ವಿಶಾಲಾಕ್ಷಮ್ಮ ಚಪ್ಪಾಳೆ ತಟ್ಟಿದರು. ಸಭೆಯೂ ತಟ್ಟಿತು. ನನ್ನ ಹೊಟ್ಟೆ ತಣ್ಣಗಾಯಿತು. ಕ್ಷಮೆ ದೊಡ್ಡದು ಅನ್ನುವವರು ಅನ್ನಲಿ, ನನಗೆ ಇದೇ ರುಚಿಸಿತು.

ಕಾಫಿ ಹೊತ್ತಿಗೆ ಶಿವರುದ್ರಪ್ಪ ನನ್ನ ಹತ್ತಿರ ಬಂದರು.

‘ಯಾರಮ್ಮ ನೀನು?’

‘ಗಗನಾ. ಮುನಿಸ್ವಾಮಿ ಮಗಳು.’

ಅವರು ಹಲ್ಲು ಕಚ್ಚಿಕೊಂಡೇ, ‘ಎಲ್ಲರ ಮುಂದೆ ಹೇಳ್ಬಿಡ್ತೀನಿ. ಇದು ನಿಮ್ಮಪ್ಪ ಬರ್ದಿದ್ದಲ್ಲ, ಮೆಷಿನ್ ಮಾಡಿದ್ದು ಅಂತ’ ಅಂದರು.

‘ಹೇಳಿ ಸರ್’ ಅಂದೆ. ‘ಮೈಕ್ ಇನ್ನೂ ಆಫ್ ಮಾಡಿಲ್ಲ.’

ಅವರು ಮೈಕಿನ ಕಡೆ ನೋಡಿದರು. ಅಷ್ಟರಲ್ಲಿ ಯಾರೋ ಬಂದು, ‘ಸರ್, ಮುನಿಸ್ವಾಮಿ ಚಿತ್ರದ ಪಕ್ಕ ಒಂದು ಫೋಟೊ, ಬನ್ನಿ’ ಅಂತ ಕೈ ಹಿಡಿದು ಕರೆದರು. ಶಿವರುದ್ರಪ್ಪ ಹೋಗಿ ನಿಂತು ನಕ್ಕರು.