ಬ್ಯಾಡಾದ ಕಾರ್ಡುಗಳ ಡಬ್ಬಿ

ರಾಯಚೂರಿನ ತೀನ್ ಕಂದಿಲ್ ವೃತ್ತದ ಹತ್ತಿರ ಹಂಪಯ್ಯನ ಆಟಿಕೆ ಅಂಗಡಿ. ಅದರ ಮಾಳಿಗೆಯ ಮೇಜಿನ ಮೇಲೆ ಅಪೇಕ್ಷಾ ಬಿಸ್ಕೀಟಿನ ಡಬ್ಬಿಯನ್ನು ಇಟ್ಟಳೋ ಇಲ್ಲವೋ, ಹಂಪಯ್ಯ ಮೆಟ್ಟಿಲೇರಿ ಬಂದ.

"ಈ ಡಬ್ಬಿ ಬಂದಾಗಿಂದ ಒಂದೂ ಕಾರ್ಡಿನ ಪ್ಯಾಕ್ ಮಾರಾಟ ಆಗವಲ್ದು. ಮೇಜು ಪ್ಯಾಕ್ ಕೊಳ್ಳೋರಿಗೆ ಅದ, ಸುಮ್ನ ಕೂಡೋರಿಗಲ್ಲ. ಏಳ್ರಿ."

ಡಬ್ಬಿಯ ತುಂಬ ಕಾಳಗದ ಕಾರ್ಡುಗಳು, ಒಂದೊಂದರಲ್ಲೂ ಎದುರಾಳಿಯ ಮೇಲೆ ಬಿಡಲು ಒಂದು ಪ್ರಾಣಿ. ಹೊಸ ಪ್ಯಾಕ್ ಕೊಂಡು ಒಡೆದವರು ಹೊಳೆಯುವ, ಅಪರೂಪದ ಕಾರ್ಡನ್ನಷ್ಟೇ ಎತ್ತಿಕೊಂಡು ಉಳಿದವನ್ನು ಇಲ್ಲೇ ಬಿಸಾಡಿ ಹೋಗುತ್ತಿದ್ದರು. ಅವನ್ನು ಅಪೇಕ್ಷಾ ಮತ್ತು ಗೆಳತಿ ನಿಗಾರ್ ಕೂಡಿಹಾಕಿದ್ದರು. ಡಬ್ಬಿ ಕಲಸಿ, ಕಾರ್ಡು ಹರವಿ, ಸರದಿಯಂತೆ ಒಂದೊಂದು ಆರಿಸಿ ಡೆಕ್, ಅಂದರೆ ತಮ್ಮ ತಮ್ಮ ಆಟದ ಕಟ್ಟು, ಕಟ್ಟಿಕೊಳ್ಳುವುದು. ಆಟ ಮುಗಿದಮೇಲೆ ಎಲ್ಲ ವಾಪಸು ಡಬ್ಬಿಗೆ. ಕೊಳ್ಳುವ ಮಾತೇ ಇಲ್ಲ.

"ಕಸದಾಗ ಆಡೋದು ಆಟೇನು?" ಎಂದ ಹಂಪಯ್ಯನ ಹಿಂದೆಯೇ ಬಂದಿದ್ದ ಸಂಕರ್ಷಣ. ವಾರಕ್ಕೊಮ್ಮೆ ಮಾನ್ವಿಯಿಂದ ಬಸ್ಸಿನಲ್ಲಿ ಬಂದು ಪ್ಯಾಕ್ ಕೊಂಡು ಒಡೆಯುವವನು. ಹಂಪಯ್ಯನಿಗೆ ಅವನೆಂದರೆ ಪ್ರಾಣ.

ಅಪೇಕ್ಷಾಳಿಗೆ ಮೈ ಉರಿಯಿತು. ಊರಲ್ಲಿ ಆಡಲು ಬೇರೆ ಜಾಗವಿಲ್ಲ.

"ಹಂಗಾರ ಇದೇ ಕಸದಾಗ ನನ್ನ ಸೋಲಿಸು. ನೀ ಗೆದ್ದರ ನಾವು ಈ ಮೆಟ್ಟಿಲು ಹತ್ತಂಗಿಲ್ಲ. ನಾ ಗೆದ್ದರ ಮೇಜು ನಮ್ಮದು. ಒಪ್ಪೀರೇನ್ರೀ, ಹಂಪಯ್ಯನವರೇ?"

ಹಂಪಯ್ಯ ಸಂಕರ್ಷಣನ ಮುಖ ನೋಡಿ, ನಗುತ್ತ ಒಪ್ಪಿದ.

ಕಾರ್ಡು ಆರಿಸುವಾಗ ಸಂಕರ್ಷಣ ಅಭ್ಯಾಸದಂತೆ ದೊಡ್ಡವಕ್ಕೇ ಕೈಹಾಕಿದ: ಆನೆ, ಗಂಡಭೇರುಂಡ, ಎಲ್ಲ ಇಳಿಸಲು ಐದಾರು ಶಕ್ತಿ ಕೇಳುವವು. ಶಕ್ತಿಯೋ ಆಟದ ಪ್ರತಿ ಸುತ್ತಿಗೂ ಒಂದರಂತೆ ಮಾತ್ರ ಏರುವುದು. ಅಪೇಕ್ಷಾ ಒಂದು, ಎರಡು ಶಕ್ತಿಗೆ ಇಳಿಯುವ ಇಲಿ, ಮುಂಗುಸಿ, ಚೇಳುಗಳನ್ನು ಬಳಿದುಕೊಂಡಳು.

ಆಟ ಶುರುವಾದಾಗ ಸಂಕರ್ಷಣನ ಕೈತುಂಬ ಕಾರ್ಡು, ಇಳಿಸಲು ಒಂದೂ ಇಲ್ಲ. ಅಪೇಕ್ಷಾಳ ಚೇಳು ಕುಟುಕಿ, ಆಟದಲ್ಲಿ ಅವನಿಗಿದ್ದ ಪ್ರಾಣಗಳಲ್ಲಿ ಒಂದು ಹೋಯಿತು. ಮುಂದಿನ ಸುತ್ತಿನಲ್ಲಿ ಚೇಳಿನ ಜೊತೆ ಮುಂಗುಸಿಯೂ ಕಚ್ಚಿತು.

"ಯಾಕಲೇ, ಆನಿ ಇನ್ನೂ ಬಸ್‌ನಾಗ ಅದ ಏನು?" ನಿಗಾರ್ ಕೆಣಕಿದಳು.

"ಬಾಯಿ ಮುಚ್ಚು."

ಆನೆ ಇಳಿಯುವ ಹೊತ್ತಿಗೆ ಅವನಿಗೆ ಒಂದೇ ಪ್ರಾಣ ಉಳಿದಿತ್ತು. ಆನೆ ತಡೆಯುವುದು ಒಂದು ದಾಳಿಯನ್ನು. ಅಪೇಕ್ಷಾ ಮೂರು ನಡೆಸಿ ಗೆದ್ದಳು.

ಸಂಕರ್ಷಣ ಎದ್ದ.

"ಇದರಾಗ ಅರ್ಧ ನನ್ನವು. ವಾಪಸ್ ಕೊಡು."

"ತಗೋ. ಯಾವ್ಯಾವು ನಿನ್ನವು, ತೋರಿಸು."

ಅವನು ಡಬ್ಬಿಯೊಳಗೆ ಕೈಯಾಡಿಸಿದ. ಒಂದನ್ನು ಎತ್ತಿದ, ಇಟ್ಟ. ಪ್ಯಾಕ್ ಒಡೆದಾಗ ಅವನು ಇವುಗಳ ಮುಖವನ್ನೇ ನೋಡಿರಲಿಲ್ಲ. ಕಡೆಗೆ ಮೇಜಿನ ಮೇಲಿದ್ದ ಚೇಳನ್ನು ಹಿಡಿದು ಪರ್ರನೆ ಹರಿದ.

"ಹರಿ," ಅಂದಳು ಅಪೇಕ್ಷಾ. "ಎಲ್ಲಾರೂ ಬಿಸಾಡೋ ಕಾರ್ಡದು. ಡಬ್ಬ್ಯಾಗ ಇನ್ನೂ ನಾಕು ಅದಾವ."

ಅವನು ದಡದಡ ಮೆಟ್ಟಿಲಿಳಿದ. ಹಂಪಯ್ಯ ಗೋಡೆಯ ಸ್ವಿಚ್ ಒತ್ತಿದ, ಫ್ಯಾನು ನಿಂತಿತು.

"ಮೇಜು ಕೊಡ್ತೀನಿ ಅಂದಿದ್ದೆ. ಗಾಳಿ ಕೊಡ್ತೀನಿ ಅಂದಿದ್ದಿಲ್ಲ."

ಏಪ್ರಿಲ್ಲಿನ ರಾಯಚೂರಿನ ಬಿಸಿಲಿಗೆ ಮಾಳಿಗೆಯ ತಗಡು ಕಾದು ಕೆಂಡವಾಗಿತ್ತು. ಅಪೇಕ್ಷಾ ಹಣೆಯ ಬೆವರನ್ನು ತೋಳಿನಿಂದ ಒರೆಸಿ, ಡಬ್ಬಿ ಕಲಸಿ, ನಿಗಾರಳ ಮುಂದೆ ಕಾರ್ಡು ಹರವಿದಳು.