ಏಪ್ರಿಲ್ ಒಂದನೇ ತಾರೀಖು

ಹಲ್ಲಿನ ಸೆಟ್ಟು, ಕ್ಯಾಪು ಮಾಡಿಕೊಡುವ ಆ ಲ್ಯಾಬಿನಲ್ಲಿ ಒಟ್ಟು ಹನ್ನೊಂದು ಜನ. ಎಂಟು ಮಂದಿ ಒಳಗಿನ ಕೋಣೆಯಲ್ಲಿ ಮೇಣ, ಪ್ಲಾಸ್ಟರು, ಉಜ್ಜುವ ಯಂತ್ರಗಳ ನಡುವೆ ಕೂತಿರುತ್ತಿದ್ದರು. ಮುಂದಿನ ಆಫೀಸು ಕೋಣೆಯಲ್ಲಿ ಯಜಮಾನರು, ಫೈಲು ಮಾವ, ಮತ್ತೆ ಅವಳು. ಎಷ್ಟು ಒರೆಸಿದರೂ ಮಧ್ಯಾಹ್ನದ ಹೊತ್ತಿಗೆ ಕೀಬೋರ್ಡಿನ ಮೇಲೆ ಬಿಳಿ ಧೂಳು ಕೂತಿರುತ್ತಿತ್ತು.

ಫೈಲು ಮಾವ ಯಾರಿಗೂ ಮಾವ ಅಲ್ಲ. ಮೂವತ್ತೊಂದು ವರ್ಷದಿಂದ ಅಲ್ಲಿದ್ದ ಗುಮಾಸ್ತರು. ಬಾಡಿಗೆ ಕರಾರು, ಯಂತ್ರಗಳ ಸರ್ವೀಸು, ಸಾಫ್ಟ್‌ವೇರುಗಳ ವಾರ್ಷಿಕ ಒಪ್ಪಂದ ಎಲ್ಲವೂ ಅವರ ಕೈಯಲ್ಲಿ. ಒಂದು ಉದ್ದನೆಯ ನೋಟುಬುಕ್ಕಿನಲ್ಲಿ ಒಪ್ಪಂದಕ್ಕೊಂದು ಪುಟ. ಯಾವತ್ತು ಮುಗಿಯುತ್ತದೆ ಎನ್ನುವುದನ್ನು ಅವರು ಸಣ್ಣದಾಗಿ ಬರೆಯುತ್ತಿದ್ದರು. ಬೇಡ ಅನ್ನುವುದಿದ್ದರೆ ಯಾವತ್ತಿನೊಳಗೆ ತಿಳಿಸಬೇಕು ಎನ್ನುವುದನ್ನು ಮಾತ್ರ ಕೆಂಪು ಶಾಯಿಯಲ್ಲಿ ದೊಡ್ಡದಾಗಿ ಬರೆದು ಎರಡು ಗೆರೆ ಎಳೆಯುತ್ತಿದ್ದರು.

"ಮುಗಿಯೋ ತಾರೀಖು ನೋಡ್ಕೊಂಡು ಕೂತೋನು ಮುಳುಗಿದ ಅಂತ್ಲೇ ಲೆಕ್ಕ," ಎಂದು ಅವಳಿಗೆ ಮೊದಲ ವಾರವೇ ಹೇಳಿಕೊಟ್ಟಿದ್ದರು. "ಜೂನ್ ಮೂವತ್ತಕ್ಕೆ ಮುಗಿಯುತ್ತೆ ಅಂದ್ರೆ ಜೂನಲ್ಲಿ ಬೇಡ ಅನ್ನೋಕಾಗಲ್ಲ. ಇಷ್ಟು ದಿನ ಮುಂಚೆ ಬರೆದು ತಿಳಿಸ್ಬೇಕು ಅಂತ ಒಳಗೆ ಒಂದು ಸಾಲು ಇರುತ್ತೆ. ಬಾಯಿ ಮುಚ್ಕೊಂಡಿದ್ರೆ ಇನ್ನೊಂದು ವರ್ಷ ತಾನಾಗೇ ಕಟ್ಕೊಂಡ ಹಾಗೆ. ಅದೂ ಅವತ್ತಿನ ರೇಟಿಗೆ."

ಅವಳಿಗೆ ಇಪ್ಪತ್ತೇಳು. ಕೆಲಸಕ್ಕೆ ಸೇರಿ ಏಳು ತಿಂಗಳಾಗಿತ್ತು, ಇನ್ನೂ ಕಾಯಂ ಆಗಿರಲಿಲ್ಲ. ಮನೆಯಲ್ಲಿ ಅಮ್ಮ, ಕಾಲೇಜಿಗೆ ಹೋಗುವ ತಂಗಿ, ದುಡಿಯುವವಳು ಇವಳೊಬ್ಬಳೇ. ಕಂಪ್ಯೂಟರಿನಲ್ಲಿ ಚುರುಕು ಅಂತ ಒಳಗಿನವರೆಲ್ಲ ಕಂಪ್ಯೂಟರಮ್ಮ ಎಂದು ಕರೆಯುತ್ತಿದ್ದರು. ಅವಳಿಗೆ ಆ ಹೆಸರು ಇಷ್ಟವೇ ಆಗಿತ್ತು.

ಜನವರಿಯಲ್ಲಿ ಯಜಮಾನರು ಆ ನೋಟುಬುಕ್ಕನ್ನು ಎರಡು ಬೆರಳಲ್ಲಿ ಎತ್ತಿ ತೋರಿಸಿ, "ಇದನ್ನೆಲ್ಲ ಕಂಪ್ಯೂಟರ್ ಶೀಟಿಗೆ ಹಾಕಮ್ಮ. ತಾರೀಖು ಹತ್ರ ಬಂದ್ರೆ ನನ್ನ ಫೋನಿಗೆ ಬರ್ಬೇಕು," ಎಂದರು. ಅವಳು ಎರಡು ದಿನ ಕೂತು ಇಪ್ಪತ್ಮೂರು ಒಪ್ಪಂದಗಳನ್ನು ಸಾಲಾಗಿ ತುಂಬಿದಳು. ಮುಗಿಯುವ ತಾರೀಖು, ಎಷ್ಟು ದಿನ ಮುಂಚೆ ತಿಳಿಸಬೇಕು, ಯಾರ ಜವಾಬ್ದಾರಿ. ಮುಗಿಯುವ ತಾರೀಖಿನಿಂದ ಆ ದಿನಗಳನ್ನು ಕಳೆದು ಕೊನೆಯ ದಿನ ತಾನಾಗಿಯೇ ಮೂಡುತ್ತಿತ್ತು. ದಿನಗಳ ಕಾಲಮ್ಮಿನಲ್ಲಿ ಮೊದಲ ನಾಲ್ಕೈದು ಒಪ್ಪಂದಕ್ಕೂ ಮೂವತ್ತೇ ಇತ್ತು. ಸದ್ಯಕ್ಕೆ ಎಲ್ಲದಕ್ಕೂ ಇರಲಿ, ಆಮೇಲೆ ಒಂದೊಂದಾಗಿ ನೋಡಿ ತಿದ್ದೋಣ ಎಂದು ಆ ಮೂವತ್ತನ್ನು ಮೌಸಿನಲ್ಲಿ ಹಿಡಿದು ಕೊನೆಯ ಸಾಲಿನ ತನಕ ಎಳೆದುಬಿಟ್ಟಳು. ಅಷ್ಟರಲ್ಲಿ ಯಾರೋ ಡಾಕ್ಟರು ಫೋನು ಮಾಡಿ, ಕ್ಯಾಪು ಬಂದಿಲ್ಲವೆಂದು ಕೂಗಾಡಿದರು. ಆಮೇಲೆ ಎನ್ನುವುದು ಬರಲೇ ಇಲ್ಲ. ನೋಟುಬುಕ್ಕು ಅವಳ ಬೀರುವಿನ ಕೆಳಗಿನ ಖಾನೆ ಸೇರಿತು.

ಮಾರ್ಚಿನಲ್ಲಿ ಯಜಮಾನರು ಹಲ್ಲಿನ ಡಿಸೈನು ಮಾಡುವ ಬೇರೊಂದು ಸಾಫ್ಟ್‌ವೇರಿಗೆ ಸಹಿ ಹಾಕಿದರು. ಹಳೆಯದಕ್ಕಿಂತ ಅಗ್ಗ, ಜುಲೈ ಒಂದರಿಂದ ಶುರು. ಹಳೆಯದು ಜೂನ್ ಮೂವತ್ತಕ್ಕೆ ಮುಗಿಯುತ್ತಿತ್ತು. ಎಲ್ಲ ಸರಿಯಾಗಿ ಕೂತಂತೆ ಕಾಣುತ್ತಿತ್ತು.

ಆ ತಿಂಗಳ ಕೊನೆಯ ವಾರ ಫೈಲು ಮಾವ ಚಹಾದ ಲೋಟ ಹಿಡಿದುಕೊಂಡು ಅವಳ ಮೇಜಿನ ಹತ್ತಿರ ಬಂದು ನಿಂತರು.

"ಕಂಪ್ಯೂಟರಮ್ಮ, ಹಳೇ ಡಿಸೈನ್ ಸಾಫ್ಟ್‌ವೇರ್ ಬೇಡ ಅಂತ ಬರೆಯೋದು ಈಗಲೇ ಅಲ್ವೇನಮ್ಮ?"

ಅವಳು ಪರದೆ ನೋಡಿದಳು. "ಇಲ್ಲ ಮಾವ. ಮೇ ಮೂವತ್ತೊಂದರ ತನಕ ಟೈಮಿದೆ. ಮೂವತ್ತು ದಿನ."

"ಮೂವತ್ತಾ? ಅದು ತೊಂಬತ್ತು ಅಂತ ನನ್ನ ತಲೇಲಿ ಕೂತಿದೆ. ಬುಕ್ಕಲ್ಲಿ ಒಂದ್ಸಲ ನೋಡ್ತೀಯಾ?"

ಅವತ್ತು ಬೆಳಗ್ಗೆಯಷ್ಟೇ ಯಜಮಾನರು, ಅವಳನ್ನು ಕಾಯಂ ಮಾಡುವ ವಿಷಯ ಮುಂದಿನ ತಿಂಗಳು ನೋಡೋಣ ಎಂದಿದ್ದರು. ಶೀಟಿನಲ್ಲಿ ತಪ್ಪಿರಬಹುದು ಎಂದು ಒಪ್ಪಿಕೊಳ್ಳುವ ಹೊತ್ತಲ್ಲ ಅದು ಎಂದು ಅವಳಿಗೆ ಅನಿಸಿತು.

"ಎಲ್ಲಾ ಒಂದೊಂದಾಗಿ ನೋಡೇ ಹಾಕಿದೀನಿ ಮಾವ," ಎಂದಳು.

ಅವರು ಪರದೆಯ ಮೇಲಿನ ಅಂಕಿಯನ್ನೇ ಸ್ವಲ್ಪ ಹೊತ್ತು ನೋಡಿದರು. "ಹಾಗಾದ್ರೆ ಸರಿ ಬಿಡು. ವಯಸ್ಸಾಯ್ತು ನೋಡು," ಎಂದು ನಕ್ಕು ಹೋದರು.

ಮೇ ಹನ್ನೆರಡಕ್ಕೆ ಅವಳು ನವೀಕರಣ ಬೇಡವೆಂದು ಪತ್ರ ಕಳಿಸಿದಳು. ಗಡುವಿಗೆ ಹತ್ತೊಂಬತ್ತು ದಿನ ಮೊದಲೇ ಕಳಿಸಿದೆ ಎಂಬ ಖುಷಿಯಿತ್ತು. ಒಪ್ಪಂದದಲ್ಲಿ ಹೇಳಿದ ವಿಳಾಸಕ್ಕೇ ಕಳಿಸಿ, ಯಜಮಾನರಿಗೂ ಪ್ರತಿ ಹಾಕಿದ್ದಳು. ಮಾರನೇ ದಿನ ಉತ್ತರ ಬಂತು. ಅವಧಿ ಮುಗಿಯುವುದಕ್ಕೆ ಕನಿಷ್ಠ ತೊಂಬತ್ತು ದಿನ ಮೊದಲು ಲಿಖಿತವಾಗಿ ತಿಳಿಸಬೇಕಿತ್ತು. ಆ ಗಡುವು ಏಪ್ರಿಲ್ ಒಂದಕ್ಕೆ ಮುಗಿದಿದೆ. ನಿಮ್ಮ ಪತ್ರವನ್ನು ಮುಂದಿನ ಅವಧಿಯ ಕೊನೆಗೆ ಅನ್ವಯಿಸಿಕೊಳ್ಳುತ್ತೇವೆ. ಜುಲೈ ಒಂದರಿಂದ ಐದೂ ಲೈಸೆನ್ಸುಗಳು ಒಂದು ವರ್ಷಕ್ಕೆ ನವೀಕರಣವಾಗುತ್ತವೆ, ಈಗಿನ ದರದಲ್ಲಿ.

ಯಜಮಾನರು ಫೋನು ಮಾಡಿದರು, ಬೇಡಿಕೊಂಡರು, ಕೊನೆಗೆ ಗದರಿದರು. ಐದರಲ್ಲಿ ಮೂರಾದರೂ ಕಡಿಮೆ ಮಾಡಿ ಎಂದರು. ಅದಕ್ಕೂ ಅದೇ ಗಡುವು ಸಾರ್ ಎಂದು ಆ ಕಡೆಯವನು ತಣ್ಣಗೆ ಹೇಳಿದ. ಒಂದೇ ಕೆಲಸಕ್ಕೆ ಎರಡು ಸಾಫ್ಟ್‌ವೇರಿಗೆ ಇಡೀ ವರ್ಷ ದುಡ್ಡು ತೆರಬೇಕು ಎನ್ನುವುದು ಖಾತ್ರಿಯಾಯಿತು.

ಮಧ್ಯಾಹ್ನ ಇಬ್ಬರನ್ನೂ ಕರೆದರು. ಶೀಟು ತೆರೆದೇ ಇತ್ತು. ಜವಾಬ್ದಾರಿ ಎಂಬ ಕಾಲಮ್ಮಿನಲ್ಲಿ ಫೈಲು ಮಾವನ ಹೆಸರಿನ ಮೊದಲ ಅಕ್ಷರ.

"ಮೂವತ್ತೊಂದು ವರ್ಷ ಇದೇ ಕೆಲಸ ಮಾಡಿದೀರಿ. ಮೂವತ್ತು ಯಾವುದು, ತೊಂಬತ್ತು ಯಾವುದು ಗೊತ್ತಾಗಲ್ವಾ?"

"ನನ್ನ ಬುಕ್ಕಲ್ಲಿ ತೊಂಬತ್ತು ಅಂತಲೇ ಬರೆದಿದ್ದೆ ಸಾರ್. ಮಾರ್ಚಲ್ಲಿ ಕೇಳ್ದೆ ಕೂಡ."

"ಯಾರನ್ನ ಕೇಳಿದ್ರಿ?"

ಫೈಲು ಮಾವ ಅವಳ ಕಡೆ ತಿರುಗಿದರು. ದೂರುವ ನೋಟವಲ್ಲ ಅದು. ಹೇಳಮ್ಮ, ನಿನಗೆ ನೆನಪಿದೆಯಲ್ಲ, ಎನ್ನುವ ಹಾಗಿತ್ತು. ಅವಳು ನೆಲ ನೋಡಿದಳು.

"ಬುಕ್ಕೆಲ್ಲಿ?" ಎಂದರು ಯಜಮಾನರು.

"ಇವಳ ಹತ್ರ ಕೊಟ್ಟಿದ್ದೆ."

"ಎಲ್ಲಮ್ಮ ಬುಕ್ಕು?"

"ಗೊತ್ತಿಲ್ಲ ಸಾರ್. ಗೋಡೆಗೆ ಬಣ್ಣ ಹೊಡೆಸಿದಾಗ ಎಲ್ಲೋ ಹೋಗಿರ್ಬೇಕು." ತನ್ನ ದನಿ ಅಷ್ಟು ಸಲೀಸಾಗಿ ಹೊರಟದ್ದು ಕೇಳಿ ಅವಳಿಗೇ ಹೆದರಿಕೆಯಾಯಿತು.

ತಿಂಗಳ ಕೊನೆಗೆ ಫೈಲು ಮಾವನನ್ನು ಕೆಲಸದಿಂದ ಬಿಡಿಸಿದರು. ಒಳಗಿನವರು ಒಂದು ಹೂವಿನ ಗುಚ್ಛ ಕೊಟ್ಟರು. ಅವರು ಹೊರಡುವ ಮುನ್ನ ಅವಳ ಮೇಜಿನ ಹತ್ತಿರ ಬಂದು, "ಕೇಳಿದ್ದೆ ಅಲ್ವೇನಮ್ಮ ನಾನು?" ಎಂದು ಮೆಲ್ಲಗೆ ಕೇಳಿದರು. ಅವಳು ಫೋನು ಬಂದವಳಂತೆ ರಿಸೀವರ್ ಎತ್ತಿಕೊಂಡಳು.

ಅವರು ಮೆಟ್ಟಿಲಿಳಿದ ಮೇಲೆ ಬೀರುವಿನ ಕೆಳಗಿನ ಖಾನೆ ತೆಗೆದಳು. ಪುಟ ಹದಿನಾಲ್ಕು. ತೊಂಬತ್ತು ದಿನ, ಏಪ್ರಿಲ್ ಒಂದು, ಕೆಂಪು ಶಾಯಿ, ಎರಡು ಗೆರೆ. ಕೆಳಗೆ ಸಣ್ಣ ಅಕ್ಷರದಲ್ಲಿ, ಒಂದು ವಾರ ಮೊದಲೇ ಕಳಿಸುವುದು, ಮುಟ್ಟಿತು ಅಂತ ಉತ್ತರ ಬರುವ ತನಕ ಬಿಡಬಾರದು.

ಜೂನಿನಲ್ಲಿ ಅವಳ ಕೆಲಸ ಕಾಯಂ ಆಯಿತು. ಅಮ್ಮ ನೆರೆಮನೆಯವರಿಗೆಲ್ಲ ಹೇಳಿಕೊಂಡು ಬಂದರು. ಅವಳಿಗೆ ಊಟ ಸೇರುತ್ತಿರಲಿಲ್ಲ. ಆಗಸ್ಟಿನ ಒಂದು ಶನಿವಾರ ಎಲ್ಲರೂ ಹೋದ ಮೇಲೆ ನೋಟುಬುಕ್ಕನ್ನು ತೆಗೆದುಕೊಂಡು ಹೋಗಿ ಯಜಮಾನರ ಮುಂದಿಟ್ಟಳು. ಎಳೆದ ಮೂವತ್ತು, ಮಾರ್ಚಿನ ಮಾತು, ಬೀರು, ಎಲ್ಲವನ್ನೂ ಹೇಳಿದಳು. ಕೆಲಸ ಹೋದರೆ ಹೋಗಲಿ ಎಂದು ಗಟ್ಟಿ ಮಾಡಿಕೊಂಡೇ ಬಂದಿದ್ದಳು.

ಯಜಮಾನರು ಬುಕ್ಕನ್ನು ತೆರೆಯಲೂ ಇಲ್ಲ.

"ಗೊತ್ತು," ಎಂದರು.

"ಸಾರ್?"

"ಆ ಶೀಟಲ್ಲಿ ಯಾವ ಚೌಕದಲ್ಲಿ ಯಾರು ಯಾವತ್ತು ಏನು ಬರೆದ್ರು ಅಂತೆಲ್ಲ ಕಾಣುತ್ತಮ್ಮ. ನೀನೇ ತೋರಿಸಿಕೊಟ್ಟಿದ್ದೆ. ಉತ್ತರ ಬಂದ ದಿನವೇ ನೋಡ್ದೆ. ಮೊದಲ ನಾಲ್ಕೈದು ಬಿಟ್ರೆ ಉಳಿದ ಅಷ್ಟೂ ಚೌಕಕ್ಕೆ ಒಂದೇ ನಿಮಿಷದಲ್ಲಿ ಮೂವತ್ತು ಬಿದ್ದಿದೆ. ಬರೆದೋಳು ನೀನು."

"ಮತ್ತೆ ಅವರನ್ನ ಯಾಕೆ..."

"ಎರಡು ಸಾಫ್ಟ್‌ವೇರಿಗೆ ದುಡ್ಡು ಎಲ್ಲಿಂದ ತರೋಣ? ಒಬ್ರು ಹೋಗ್ಲೇಬೇಕಿತ್ತು. ಅವರ ಸಂಬಳ ನಿನ್ನದರ ಎರಡರಷ್ಟು. ಸುಮ್ನೆ ಹೋಗಿ ಅನ್ನೋಕೆ ಬಾಯಿ ಬರ್ತಿರಲಿಲ್ಲ, ಒಂದು ಕಾರಣ ಸಿಕ್ತು." ಅವರು ಬುಕ್ಕನ್ನು ಅವಳ ಕಡೆಗೆ ತಳ್ಳಿದರು. "ಆಗಿದ್ದು ಆಯ್ತು. ಉಳಿದಿದ್ದನ್ನ ಸರಿ ಮಾಡಿದೀಯ ತಾನೇ?"

ಮಾಡಿದ್ದಳು. ಇಪ್ಪತ್ಮೂರೂ ಒಪ್ಪಂದಗಳನ್ನು ಮೂಲ ಕಾಗದ ನೋಡಿಯೇ ತಿದ್ದಿದ್ದಳು. ಇನ್ನೂ ಎರಡರಲ್ಲಿ ಅರವತ್ತಿತ್ತು.

ಮರುದಿನ ಅವಳು ಫೈಲು ಮಾವನ ಮನೆ ಹುಡುಕಿಕೊಂಡು ಹೋದಳು. ಮೂರನೇ ಮಹಡಿ. ಬಾಗಿಲು ತೆರೆದದ್ದು ಅವರ ಹೆಂಡತಿ. ಫೈಲು ಮಾವ ಕಿಟಕಿಯ ಪಕ್ಕ ಕೂತಿದ್ದರು, ತೆಳ್ಳಗಾಗಿದ್ದರು. ಗೋಡೆಯ ಮೇಲೆ ಮಗಳ ಕೈಬರಹದಲ್ಲಿ ಒಂದು ಹಾಳೆ ಅಂಟಿಸಿತ್ತು: ಬೆಳಗ್ಗೆ ಬಿಳಿ ಮಾತ್ರೆ, ಗ್ಯಾಸ್ ಆರಿಸಿದೆಯಾ ನೋಡು, ಬೀಗದ ಕೈ ಅಮ್ಮನ ಹತ್ತಿರ.

ಅವಳು ನಿಂತುಕೊಂಡೇ ಎಲ್ಲವನ್ನೂ ಹೇಳಿದಳು. ಯಜಮಾನರು ಹೇಳಿದ್ದನ್ನೂ ಬಿಡಲಿಲ್ಲ. ಬುಕ್ಕು ಕೊಟ್ಟಳು. ಅವರು ಹದಿನಾಲ್ಕನೇ ಪುಟವನ್ನು ಹುಡುಕಲಿಲ್ಲ, ನೇರವಾಗಿ ತೆರೆದರು.

"ಇಲ್ನೋಡೇ," ಎಂದು ಹೆಂಡತಿಯನ್ನು ಕರೆದರು. "ತೊಂಬತ್ತು. ನಾನು ಹೇಳ್ಲಿಲ್ವಾ?"

ಆಕೆ ಬಂದು ನೋಡಿದರು. ಆಮೇಲೆ ಗೋಡೆಯ ಹಾಳೆ ನೋಡಿದರು. "ಇಲ್ಲದ್ದು ಇತ್ತು ಅಂತಾರೆ, ಬರೀದೇ ಇರೋದು ಬರ್ದಿದೀನಿ ಅಂತಾರೆ ಅಂತ ನಾವೇ ಡಾಕ್ಟರ ಹತ್ರ ಕರ್ಕೊಂಡು ಹೋದ್ವಿ," ಎಂದರು ಅವಳಿಗೆ. "ಮರೆವಿನ ಕಾಯಿಲೆ ಶುರು ಆಗಿರ್ಬಹುದು ಅಂತ ಮಾತ್ರೆ ಕೊಟ್ಟಿದಾರೆ. ಇವರೂ ಹೌದು ಅಂತ ನಂಬ್ಕೊಂಡ್ರು. ಒಂದು ಲೋಟ ಎತ್ತಿಡೋಕೂ ನನ್ನ ಕೇಳ್ತಾರೆ ಈಗ."

"ಕ್ಷಮಿಸಿ ಮಾವ," ಎಂದಳು ಅವಳು.

"ಮಾವ ಅನ್ಬೇಡ," ಎಂದರು ಅವರು. ಸಿಟ್ಟಿರಲಿಲ್ಲ, ಬರಿಯ ದಣಿವಿತ್ತು. "ಕೆಲಸ ಹೋಗಿದ್ದಕ್ಕೆ ಅಷ್ಟು ನೋವಿಲ್ಲಮ್ಮ. ಇನ್ನೆರಡು ವರ್ಷಕ್ಕೆ ಬಿಡ್ತಿದ್ದೆ. ನನ್ನ ತಲೆ ಮೇಲೆ ನನಗೇ ನಂಬಿಕೆ ಇಲ್ದಂಗೆ ಮಾಡ್ದೆ ನೋಡು, ಅದು."

ಯಾರೂ ಕೂತುಕೋ ಅನ್ನಲಿಲ್ಲ. ಆಕೆ ಬಾಗಿಲ ತನಕ ಬಂದು, "ನಿಜ ಹೇಳಿದ್ಯಲ್ಲ, ಅಷ್ಟು ಸಾಕು. ಇನ್ನು ಈ ಕಡೆ ಬರ್ಬೇಡ," ಎಂದು ಮೆತ್ತಗೆ ಹೇಳಿ ಚಿಲಕ ಹಾಕಿಕೊಂಡರು.

ಸೋಮವಾರ ಆಫೀಸಿಗೆ ಹೋದಾಗ ಯಜಮಾನರು ಅವಳ ಕಂಪ್ಯೂಟರನ್ನು ಆಗಲೇ ಫೈಲು ಮಾವನ ಮೇಜಿಗೆ ಸಾಗಿಸಿದ್ದರು. ಅಲ್ಲಿ ಬೆಳಕು ಚೆನ್ನಾಗಿದೆ, ಧೂಳೂ ಕಡಿಮೆ, ಎಂದರು. ಅವಳು ಬ್ಯಾಗನ್ನು ಕೆಳಗಿಟ್ಟು ಆ ಕುರ್ಚಿಯ ಎತ್ತರ ಸರಿಮಾಡಿಕೊಂಡು ಕೂತಳು. ತಂಗಿಯ ಕಾಲೇಜು ಮುಗಿಯಲು ಇನ್ನೂ ಒಂದೂವರೆ ವರ್ಷವಿತ್ತು.